ಬಕೆಟ್‌ನಲ್ಲಿ 147 ಮಿ.ಮೀ., ವರದಿಯಲ್ಲಿ 9 ಸೆಂ.ಮೀ.: ಒಂದು ಎಕರೆ ತೋಟಕ್ಕೆ ನಿಜವಾಗಿ ಎಷ್ಟು ನೀರು ಬಿತ್ತು?

ನೀರ್ಚಾಲು ತೋಟ (ಬೆಳಿಗ್ಗೆ 10:12)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯ ಮಳೆ ನೀವೂ ನೋಡಿದ್ದೀರಿ. ಸಂಜೆ ಆರು ಗಂಟೆಗೆ ಅಂಗಳದ ಮಧ್ಯೆ ಒಂದು ಖಾಲಿ ಬಕೆಟ್ ಇಟ್ಟಿದ್ದೆ. ಮೇಲೆ ಮರ ಇಲ್ಲ, ಮಾಡಿನ ನೀರೂ ಅಲ್ಲಿಗೆ ಬೀಳುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಸ್ಕೇಲ್ ಇಳಿಸಿ ನೋಡಿದರೆ ನೀರು 14.7 ಸೆಂ.ಮೀ. ಇದೆ. ಅಂದರೆ 147 ಮಿ.ಮೀ. ಆಯ್ತಲ್ವಾ? ಆದರೆ ನಮಗೆ ಹತ್ತಿರದ ಮಳೆ ಮಾಪನ ಕೇಂದ್ರದ ಲೆಕ್ಕ ಅಂತ ವಾಟ್ಸಾಪ್‌ನಲ್ಲಿ ಬಂದದ್ದು 9 ಸೆಂ.ಮೀ. ಮಾತ್ರ.

ನನಗೆ ಎರಡು ವಿಷಯ ಗೊತ್ತಾಗಬೇಕು. ಇದು ಭಾರೀ ಮಳೆಯೋ, ಅತಿ ಭಾರೀ ಮಳೆಯೋ? ಮತ್ತೆ, ಒಂದು ಮಿ.ಮೀ. ಅಂದರೆ ನನ್ನ ಒಂದು ಎಕರೆ ಅಡಿಕೆ ತೋಟಕ್ಕೆ ಎಷ್ಟು ನೀರು? ತೋಟ ಎರಡು ಗುಡ್ಡದ ನಡುವೆ ತಗ್ಗಿನಲ್ಲಿದೆ. ಇವತ್ತು ಬೆಳಿಗ್ಗೆ ನೀರು ಹೋಗುವ ಕಣಿ ತುಂಬಿ ಮರದ ಬುಡದ ಮೇಲೆಲ್ಲ ನೀರು ಹರಿಯುತ್ತಿತ್ತು. ಕಣಿ ಅಗಲ ಮಾಡಬೇಕೋ ಬೇಡವೋ ಅಂತ ಲೆಕ್ಕ ಹಾಕಿಯೇ ತೀರ್ಮಾನ ಮಾಡಬೇಕು ಅಂತಿದ್ದೇನೆ. ಆಳಿನ ಸಂಬಳ ಕಮ್ಮಿ ಏನಿಲ್ಲ.

ಬಾಯಾರು (10:20)

ನಾಳೆ ಶಾಲೆಗೆ ರಜೆ ಉಂಟಾ? ಯಾರಿಗಾದರೂ ಗೊತ್ತಾದರೆ ಹಾಕಿ. ಆರೆಂಜ್ ಅಲರ್ಟ್ ಅಂತ ಕೇಳಿದೆ.

ಪುತ್ತಿಗೆ ಕೃಷಿ (10:31)

ಬಾಯಾರಿನವರೇ, ರಜೆ ಕೊಡುವುದು ಜಿಲ್ಲಾಧಿಕಾರಿಗಳು. ಸಂಜೆಯ ಮೇಲೆ ಗೊತ್ತಾಗುತ್ತದೆ, ಅಲರ್ಟ್ ಬಂದ ಕೂಡಲೇ ರಜೆ ಅಂತ ಇಲ್ಲ.

ನೀರ್ಚಾಲು ಅಣ್ಣ, ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಎಕರೆಗೆ 4047 ಚದರ ಮೀಟರ್. ಹಾಗಾಗಿ ಒಂದು ಮಿ.ಮೀ.ಗೆ 4047 ಲೀಟರ್. ಸೆಂಟ್ಸ್‌ನಲ್ಲಿ ಬೇಕಾದರೆ ಒಂದು ಸೆಂಟ್ಸ್‌ಗೆ 40 ಲೀಟರ್ ಅಂತ ಇಟ್ಟುಕೊಳ್ಳಿ. 147 ಮಿ.ಮೀ. ಅಂದರೆ ನಿಮ್ಮ ಎಕರೆಗೆ ಹತ್ತಿರ ಹತ್ತಿರ ಆರು ಲಕ್ಷ ಲೀಟರ್ ಬಿದ್ದಿದೆ. ಕಣಿ ತುಂಬದೆ ಇರುತ್ತದಾ?

ಕುಂಬಳೆ ಪೇಟೆ (10:44)

147 ಅಂದರೆ ಅತಿ ಭಾರೀ. ನನ್ನ ಹತ್ತಿರ ಇರುವ ಪುಸ್ತಕದಲ್ಲಿ 64.5ರಿಂದ 124.4 ಭಾರೀ, 124.5ರಿಂದ 244.4 ಅತಿ ಭಾರೀ, ಅದರ ಮೇಲೆ ವಿಪರೀತ ಭಾರೀ ಅಂತ ಕೊಟ್ಟಿದ್ದಾರೆ.

ಮುಳ್ಳೇರಿಯ ಮಾಷ್ಟ್ರು (11:05)

ಕುಂಬಳೆಯವರು ಹೇಳಿದ್ದು ಹಳೆಯ ಪಟ್ಟಿ. ಹವಾಮಾನ ಇಲಾಖೆ ಈಗ ಬಳಸುವ ಗೆರೆಗಳು ಬೇರೆ. 2.5ರಿಂದ 15.5 ಮಿ.ಮೀ. ತನಕ ಹಗುರ. 15.6ರಿಂದ 64.4 ಸಾಧಾರಣ. 64.5ರಿಂದ 115.5 ಭಾರೀ. 115.6ರಿಂದ 204.4 ಅತಿ ಭಾರೀ. 204.5 ಮತ್ತು ಅದರ ಮೇಲೆ ವಿಪರೀತ ಭಾರೀ. ಎಲ್ಲವೂ 24 ಗಂಟೆಯ ಲೆಕ್ಕ, ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆ ತನಕ. ವರದಿಯಲ್ಲಿ ಸೆಂಟಿಮೀಟರ್‌ನಲ್ಲಿ ಕೊಡುವಾಗ 7 ಸೆಂ.ಮೀ. ಆದರೆ ಭಾರೀ, 12 ಆದರೆ ಅತಿ ಭಾರೀ, 21 ಆದರೆ ವಿಪರೀತ ಭಾರೀ ಅಂತ ನೆನಪಿಟ್ಟರೆ ಸಾಕು. ನಮ್ಮಲ್ಲಿ ಬರುವ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಮೂರೂ ಸಾಮಾನ್ಯವಾಗಿ ಈ ಮೂರಕ್ಕೆ ಹೊಂದುತ್ತವೆ.

ಆದರೆ ಅದಕ್ಕಿಂತ ಮೊದಲು ಬಕೆಟ್ ವಿಷಯ ನೋಡಬೇಕು. ನೀರ್ಚಾಲಿನವರೇ, ನಿಮ್ಮ ಬಕೆಟ್ ಬಾಯಿ ಅಗಲ, ತಳ ಸಣ್ಣ ಅಲ್ವಾ? ಮಳೆ ಹಿಡಿಯುವುದು ಬಾಯಿ. ನೀರು ನಿಲ್ಲುವುದು ತಳದಲ್ಲಿ. ಅಗಲ ಬಾಯಲ್ಲಿ ಬಂದ ನೀರು ಸಣ್ಣ ತಳದಲ್ಲಿ ನಿಂತಾಗ ಎತ್ತರ ಜಾಸ್ತಿಯೇ ಕಾಣುತ್ತದೆ. ಸ್ಕೇಲ್ ಹೇಳುವುದು ಬಕೆಟ್‌ನೊಳಗಿನ ನೀರಿನ ಎತ್ತರ, ಮಳೆಯ ಎತ್ತರ ಅಲ್ಲ.

ಹೀಗೆ ಮಾಡಿ. ಬಕೆಟ್ ಬಾಯಿಯ ಒಳಗಿನ ಅಗಲ ಅಳೆಯಿರಿ. ಮತ್ತೆ ಆ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು ಹೇಳಿ. ನೀರು ಚೆಲ್ಲಿದ್ದರೂ ತೊಂದರೆ ಇಲ್ಲ. 14.7ರ ಗೆರೆ ತನಕ ಬೇರೆ ನೀರು ಲೀಟರ್ ಲೆಕ್ಕದಲ್ಲಿ ತುಂಬಿಸಿದರೆ ಆಯಿತು.

ಉಪ್ಪಳ ಗೇಟ್ (11:18)

ಈ ಅಲರ್ಟ್ ಎಲ್ಲ ಸುಮ್ನೆ. ಹೋದ ವಾರ ಆರೆಂಜ್ ಕೊಟ್ಟರು, ಇಲ್ಲಿ ನೆಲ ಒದ್ದೆ ಆದದ್ದು ಬಿಟ್ಟರೆ ಏನೂ ಇಲ್ಲ. ಅಂಗಡಿ ಬೇಗ ಮುಚ್ಚಿ ಹೋದವರಿಗೆ ನಷ್ಟ.

ಮುಳ್ಳೇರಿಯ ಮಾಷ್ಟ್ರು (11:30)

ಉಪ್ಪಳದವರೇ, ಅಲರ್ಟ್ ಕೊಡುವುದು ಇಡೀ ಜಿಲ್ಲೆಗೆ. ಎಚ್ಚರಿಕೆಯ ವಾಕ್ಯ ಪೂರ್ತಿ ಓದಿದರೆ ಹೆಚ್ಚಾಗಿ 'ಅಲ್ಲಲ್ಲಿ ಒಂದೆರಡು ಕಡೆ' ಅಂತ ಇರುತ್ತದೆ. ಜಿಲ್ಲೆಯ ಮಳೆ ಮಾಪಕಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆ ಅಷ್ಟು ಮಳೆ ಬರಬಹುದು ಅಂತ ಅದರ ಅರ್ಥ. ಅಡೂರಿನ ಕಡೆ, ಘಟ್ಟದ ಬುಡದಲ್ಲಿ 120 ಮಿ.ಮೀ. ಬಿದ್ದು ಉಪ್ಪಳದ ಕಡಲ ಕರೆಯಲ್ಲಿ 10 ಮಿ.ಮೀ. ಬಿದ್ದರೂ ಮುನ್ಸೂಚನೆ ತಪ್ಪಲಿಲ್ಲ. ನಿಮ್ಮ ಅಂಗಡಿ ಎದುರು ಎಷ್ಟು ಬೀಳುತ್ತದೆ ಅಂತ ಅದು ಹೇಳುವುದೇ ಇಲ್ಲ. ಅದಕ್ಕೇ ಮನೆಯಲ್ಲಿ ಒಂದು ಅಳತೆ ಇರಬೇಕು ಅಂತ ನಾನು ಎಲ್ಲರಿಗೂ ಹೇಳುವುದು.

ಉಪ್ಪಳ ಗೇಟ್ (11:34)

ಹಾಗಾದರೆ ತಾಲೂಕು ಲೆಕ್ಕದಲ್ಲಾದರೂ ಕೊಡಬೇಕು. ಜಿಲ್ಲೆಗೆ ಒಂದೇ ಬಣ್ಣ ಕೊಟ್ಟರೆ ವ್ಯಾಪಾರದವರು ಎಂತ ಮಾಡುವುದು?

ನೀರ್ಚಾಲು ತೋಟ (11:52)

ಮಾಷ್ಟ್ರೇ, ಅಳೆದೆ. ಬಾಯಿಯ ಒಳಗಲ 28 ಸೆಂ.ಮೀ. ತಳ 20 ಸೆಂ.ಮೀ. ನೀರು ಐದು ಲೀಟರ್ ಮತ್ತೆ ಮೇಲಿಂದ 600 ಮಿ.ಲೀ.

ಮುಳ್ಳೇರಿಯ ಮಾಷ್ಟ್ರು (12:10)

ಈಗ ಲೆಕ್ಕ ಸರಿಯಾಗಿ ಬರುತ್ತದೆ ನೋಡಿ. ಬಾಯಿಯ ಅರ್ಧ ಅಗಲ 14. ಅದನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿದರೆ ಬಾಯಿಯ ವಿಸ್ತೀರ್ಣ ಸುಮಾರು 615 ಚದರ ಸೆಂ.ಮೀ. ಅಷ್ಟು ಬಾಯಿಗೆ ಒಂದು ಮಿ.ಮೀ. ಮಳೆ ಬಿದ್ದರೆ 61.5 ಮಿ.ಲೀ. ಸೇರುತ್ತದೆ. ನಿಮ್ಮಲ್ಲಿ ಸೇರಿದ್ದು 5600 ಮಿ.ಲೀ. ಭಾಗಿಸಿದರೆ 91 ಮಿ.ಮೀ.

ಅಂದರೆ 147 ಅಲ್ಲ, 91. ಅತಿ ಭಾರೀ ಅಲ್ಲ, ಭಾರೀ. ಒಂದೇ ನೀರು, ಸ್ಕೇಲ್ ಹಿಡಿದರೆ ಆರೆಂಜ್, ಲೀಟರ್ ಹಿಡಿದರೆ ಯೆಲ್ಲೋ.

ಆದರೆ ವರದಿಯ 9 ಸೆಂ.ಮೀ.ಗೆ ಸರಿಹೊಂದಿತು ಅಂತ ಅಲ್ಲಿಗೇ ಬಿಡಬೇಡಿ. ಕೇಂದ್ರದವರದ್ದು ಎಂಟೂವರೆಯಿಂದ ಎಂಟೂವರೆ. ನೀವು ಇಟ್ಟದ್ದು ಸಂಜೆ ಆರಕ್ಕೆ, ನೋಡಿದ್ದು ಒಂಬತ್ತೂವರೆಗೆ. ನಿನ್ನೆ ಹಗಲು ಬಿದ್ದ ಮಳೆ ನಿಮ್ಮ ಬಕೆಟ್‌ನಲ್ಲಿ ಇಲ್ಲ. ಇವತ್ತು ಎಂಟೂವರೆಯ ನಂತರ ಬಿದ್ದದ್ದು ನಾಳೆಯ ತಾರೀಕಿಗೆ ಸೇರಬೇಕಾದದ್ದು, ಅದು ನಿಮ್ಮಲ್ಲಿದೆ. ಎರಡು ಸಂಖ್ಯೆ ಹತ್ತಿರ ಬಂದದ್ದು ಕಾಕತಾಳೀಯವೂ ಆಗಿರಬಹುದು.

ಮುಂದೆ ಅಳೆಯುವುದಾದರೆ ಬಕೆಟ್ ಬೇಡ. ಒಂದು ಕ್ಯಾನಿನ ಮೇಲೆ ನೇರ ಅಂಚಿನ ಫನೆಲ್ ಕೂರಿಸಿ. ಒಳಗಲ 11.3 ಸೆಂ.ಮೀ. ಇರುವ ಫನೆಲ್ ಸಿಕ್ಕಿದರೆ ಅದರ ಬಾಯಿ ಸರಿಯಾಗಿ 100 ಚದರ ಸೆಂ.ಮೀ., ಹತ್ತು ಮಿ.ಲೀ.ಗೆ ಒಂದು ಮಿ.ಮೀ., ಗುಣಾಕಾರವೇ ಬೇಡ. ಆದರೆ ನಮ್ಮ ಮಳೆಗೆ ಕ್ಯಾನು ದೊಡ್ಡದೇ ಬೇಕು. ಅರ್ಧ ಲೀಟರಿನದ್ದು 50 ಮಿ.ಮೀ.ಗೇ ತುಂಬಿ ಹೊರಗೆ ಹೋಗುತ್ತದೆ. ಮೂರು ಲೀಟರ್ ಹಿಡಿಯುವಂಥದ್ದು ಇಡಿ. ಪಕ್ಕದಲ್ಲಿ ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಎರಡು ಪಟ್ಟು ದೂರ ಇರಬೇಕು. ಅಡಿಕೆ ಮರದ ಹತ್ತಿರ ಇಟ್ಟರೆ ಗಾಳಿ ಬಂದ ಹಾಗೆ ಲೆಕ್ಕ ಏರುಪೇರಾಗುತ್ತದೆ.

ಪುತ್ತಿಗೆ ಕೃಷಿ (12:25)

ಹಾಗಾದರೆ ಎಕರೆಗೆ 91 × 4047, ಅಂದರೆ 3 ಲಕ್ಷದ 68 ಸಾವಿರ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಮೂವತ್ತು ಬಂದು ಖಾಲಿ ಮಾಡಿ ಹೋದ ಹಾಗೆ.

ಇದೇ ಲೆಕ್ಕ ನಾನು ಬೇಸಿಗೆಯಲ್ಲೂ ಮಾಡುತ್ತೇನೆ. ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದಲ್ಲಿ ಒಂದು ಅಡಿಕೆ ಮರದ ಪಾಲಿಗೆ ಏಳೂವರೆ ಚದರ ಮೀಟರ್ ಬರುತ್ತದೆ. ಏಪ್ರಿಲಿನಲ್ಲಿ 10 ಮಿ.ಮೀ. ಮಳೆ ಬಂದರೆ ಮರಕ್ಕೆ 75 ಲೀಟರ್. ಡ್ರಿಪ್‌ನಲ್ಲಿ ದಿನಕ್ಕೆ 20 ಲೀಟರ್ ಬಿಡುವವರು ನಾಲ್ಕು ದಿನ ಪಂಪ್ ಬಂದ್ ಮಾಡಬಹುದು. ಕರೆಂಟ್ ಉಳಿತಾಯ.

ಪೆರ್ಲದ ಅಕ್ಕ (12:48)

ನಾಲ್ಕು ದಿನ ಬಂದ್ ಮಾಡಬೇಡ ತಮ್ಮಾ. ನಮ್ಮಲ್ಲಿ ಹಾಗೆ ಬಿಟ್ಟಾಗ ಎಳೆ ಗಿಡದ ಸೋಗೆ ಬಾಡಿತ್ತು. ಮೇಲಿಂದ ಒದ್ದೆ ಕಾಣುತ್ತದೆ, ಕೆರೆದರೆ ಒಳಗೆ ಧೂಳು.

ಮುಳ್ಳೇರಿಯ ಮಾಷ್ಟ್ರು (1:15)

ಅಕ್ಕ ಹೇಳಿದ್ದು ಸರಿ. ಪುತ್ತಿಗೆಯವರ ಗುಣಾಕಾರ ತಪ್ಪಿಲ್ಲ, ಆದರೆ ಆ 75 ಲೀಟರ್ ಎಲ್ಲಿಗೆ ಹೋಯಿತು ಅನ್ನುವುದು ಅದರಲ್ಲಿ ಇಲ್ಲ. ಡ್ರಿಪ್‌ನ 20 ಲೀಟರ್ ಬೇರಿನ ಬುಡಕ್ಕೇ ಇಳಿಯುತ್ತದೆ. ಮಳೆಯ 75 ಲೀಟರ್ ಏಳೂವರೆ ಚದರ ಮೀಟರಿಗೂ ತೆಳ್ಳಗೆ ಹರಡುತ್ತದೆ. ಅದರಲ್ಲೂ ಮೊದಲ ಹನಿಗಳು ಸೋಗೆಯ ಮೇಲೇ ಉಳಿದು ಬಿಸಿಲಿಗೆ ಹಾರಿ ಹೋಗುತ್ತವೆ. ಮತ್ತೆ ಸ್ವಲ್ಪ ಬುಡಕ್ಕೆ ಹಾಕಿದ ಸೊಪ್ಪು, ಸೋಗೆ ಹೀರಿಕೊಳ್ಳುತ್ತದೆ. ನಂತರ ಮಣ್ಣಿಗೆ.

ಒಣಗಿದ ಮಣ್ಣಿಗೆ ಪೂರ್ತಿ 10 ಮಿ.ಮೀ. ಇಳಿದರೂ ಒದ್ದೆ ಆಗುವುದು ಮೇಲಿನ ಎರಡೂವರೆ ಮೂರು ಇಂಚು ಮಾತ್ರ. ನೀರು ಒಂದು ಪದರ ತಣಿಯದೆ ಕೆಳಗೆ ಹೋಗುವುದಿಲ್ಲ. ಅಡಿಕೆಯ ಬೇರು ಅದಕ್ಕಿಂತ ಎಷ್ಟೋ ಕೆಳಗೆ ಇದೆ. ಪಿಕ್ಕಾಸಿನಲ್ಲಿ ಒಂದು ಅಡಿ ಅಗೆದು ಮಣ್ಣು ಕೈಯಲ್ಲಿ ಹಿಡಿದು ನೋಡಿ. ಉಂಡೆ ಕಟ್ಟಿದರೆ ಪಂಪ್ ನಿಲ್ಲಿಸಿ, ಪುಡಿಪುಡಿ ಆದರೆ ಬಿಡಿ. ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಡ್ರಿಪ್‌ನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಅಂತ ಹೇಳುವುದು ಬೇಸಿಗೆಯ ಆ ಒಣ ಮಣ್ಣಿಗೇ.

ದೊಡ್ಡ ಮಳೆಯಲ್ಲಿ ಮಾತ್ರ ಸೋಗೆಯ ಕೆಲಸ ಉಲ್ಟಾ ಆಗುತ್ತದೆ. ಜೋರು ಮಳೆಗೆ ತೋಟಕ್ಕೆ ಹೋಗಿ ನೋಡಿ. ಸೋಗೆಗಳೆಲ್ಲ ನೀರನ್ನು ಮಧ್ಯಕ್ಕೆ ಎಳೆದು ಕಾಂಡದ ಮೇಲೆ ಬೆರಳು ದಪ್ಪದ ಧಾರೆ ಇಳಿಸುತ್ತಿರುತ್ತವೆ. ಮರದ ಬುಡದ ಒಂದು ಅಡಿ ಜಾಗಕ್ಕೆ ಬೀಳುವುದು ಮಳೆ ಮಾಪಕ ತೋರಿಸುವುದಕ್ಕಿಂತ ಜಾಸ್ತಿ. ಬುಡದ ಮಣ್ಣು ಕೊಚ್ಚಿ ಬೇರು ಕಾಣುವುದಕ್ಕೆ ಇದೂ ಒಂದು ಕಾರಣ.

ಕುಂಬಳೆ ಪೇಟೆ (1:40)

ನನ್ನ ಅಜ್ಜ ಇಂಚಿನಲ್ಲಿ ಹೇಳುತ್ತಿದ್ದರು. ನಮ್ಮಲ್ಲಿ ವರ್ಷಕ್ಕೆ ನೂರ ಮೂವತ್ತು ನೂರ ನಲವತ್ತು ಇಂಚು ಅಂತ. ಅದು ಈಗಿನ ಲೆಕ್ಕಕ್ಕೆ 3500 ಮಿ.ಮೀ. ಹತ್ತಿರ ಬರುತ್ತದೆ. ಅಷ್ಟು ಮಳೆ ಬೀಳುವ ಊರಿಗೆ 91 ಮಿ.ಮೀ. ಏನು ದೊಡ್ಡದು? ಹಿಂದೆ ಕಣಿ ತುಂಬಿದ್ದು ಕಡಿಮೆ.

ನೀರ್ಚಾಲು ತೋಟ (2:05)

ಅದೇ ನನ್ನ ಪ್ರಶ್ನೆ. ರಾತ್ರಿ ಹತ್ತರ ತನಕ ಸಣ್ಣಗೆ ಹನಿಯುತ್ತಿತ್ತು. ಜೋರು ಹೊಡೆದದ್ದು ಬೆಳಗಿನ ಜಾವ ನಾಲ್ಕರಿಂದ ಆರರ ತನಕ. ಹೆಚ್ಚು ಕಡಿಮೆ ಎಲ್ಲವೂ ಆ ಎರಡು ಗಂಟೆಯಲ್ಲೇ ಬಿದ್ದಿರಬೇಕು.

ಮುಳ್ಳೇರಿಯ ಮಾಷ್ಟ್ರು (2:40)

ಇದು ಮುಖ್ಯ. ಭಾರೀ, ಅತಿ ಭಾರೀ ಎಲ್ಲ ಇಡೀ ದಿನದ ಮೊತ್ತಕ್ಕೆ ಇಟ್ಟ ಹೆಸರು. 91 ಮಿ.ಮೀ. ಇಪ್ಪತ್ತನಾಲ್ಕು ಗಂಟೆ ಹನಿಹನಿಯಾಗಿ ಬಿದ್ದರೂ ಭಾರೀ, ಎರಡು ಗಂಟೆಯಲ್ಲಿ ಸುರಿದರೂ ಭಾರೀ. ಹನಿಯಾಗಿ ಬಿದ್ದರೆ ಗಂಟೆಗೆ ನಾಲ್ಕು ಮಿ.ಮೀ. ಕೂಡ ಆಗುವುದಿಲ್ಲ, ಹೆಚ್ಚಿನದ್ದು ಇಂಗುತ್ತದೆ, ಕಣಿಯಲ್ಲಿ ನೀರು ಮೊಣಕಾಲ ಹತ್ತಿರವೂ ಬರುವುದಿಲ್ಲ. ಕಣಿಗೆ ಬೇಕಾದದ್ದು ಗಂಟೆಯ ಲೆಕ್ಕ.

ಎರಡು ಗಂಟೆಗೆ 80 ಅಂತ ಇಟ್ಟುಕೊಳ್ಳೋಣ, ಗಂಟೆಗೆ 40 ಮಿ.ಮೀ. ಒಂದು ಎಕರೆಗೆ ಗಂಟೆಗೆ 1 ಲಕ್ಷದ 62 ಸಾವಿರ ಲೀಟರ್. ಅದನ್ನು 3600 ಸೆಕೆಂಡಿನಿಂದ ಭಾಗಿಸಿ. ಸೆಕೆಂಡಿಗೆ 45 ಲೀಟರ್. ಮಣ್ಣು ಮೊದಲೇ ನೆನೆದಿದ್ದರೆ ಹೆಚ್ಚು ಕಡಿಮೆ ಅಷ್ಟೂ ಕಣಿಗೇ ಬರುತ್ತದೆ.

ಆದರೆ ನಿಮ್ಮ ಕಣಿ ಹೊರುವುದು ತೋಟದ ನೀರು ಮಾತ್ರವಾ? ಮೇಲಿನ ಗುಡ್ಡದಿಂದ ಎಷ್ಟು ಜಾಗದ ನೀರು ನಿಮ್ಮ ತೋಟಕ್ಕೆ ಇಳಿಯುತ್ತದೆ?

ನೀರ್ಚಾಲು ತೋಟ (2:58)

ಎರಡೂ ಬದಿ ಸೇರಿ ನಾಲ್ಕು ಎಕರೆ ಇರಬಹುದು. ಒಂದು ಬದಿ ಗೇರು, ಇನ್ನೊಂದು ಬದಿ ಬರೀ ಮುರ ಕಲ್ಲು, ಹುಲ್ಲು ಮಾತ್ರ.

ಮುಳ್ಳೇರಿಯ ಮಾಷ್ಟ್ರು (3:20)

ಹಾಗಾದರೆ ಉತ್ತರ ಅಲ್ಲೇ ಇದೆ. ಗುಡ್ಡದಲ್ಲಿ ಬಿದ್ದದ್ದರಲ್ಲಿ ಅರ್ಧ ಇಂಗಿತು, ಅರ್ಧ ಹರಿದು ಬಂತು ಅಂತ ಹಿಡಿಯಿರಿ. ಇದು ನನ್ನ ಅಂದಾಜು, ಮುರ ಕಲ್ಲಿನ ಬದಿಯಿಂದ ಅರ್ಧಕ್ಕಿಂತ ಜಾಸ್ತಿಯೇ ಬರುತ್ತದೆ. ಆ ಲೆಕ್ಕಕ್ಕೂ ಗುಡ್ಡದ ಪಾಲು ಸೆಕೆಂಡಿಗೆ 90 ಲೀಟರ್. ತೋಟದ್ದು 45. ಒಟ್ಟು 135 ಲೀಟರ್. ನಿಮ್ಮ ತೋಟಕ್ಕೆ ಬಿದ್ದದ್ದು 'ಭಾರೀ', ಆದರೆ ಕಣಿಗೆ ಬಂದದ್ದು ಅದರ ಮೂರರಷ್ಟು. ಹೆಸರು ನೋಡಿ ಕಣಿ ತೋಡಿದರೆ ಸಾಲುವುದಿಲ್ಲ.

ಕಣಿ ಒಂದೂವರೆ ಅಡಿ ಅಗಲ ಇದ್ದು, ಒಂದು ಅಡಿ ಎತ್ತರಕ್ಕೆ ನೀರು ತುಂಬಿ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿದರೆ ಹೆಚ್ಚು ಕಡಿಮೆ ಈ 135 ಲೀಟರ್ ಹೋಗುತ್ತದೆ. ವೇಗ ನೋಡುವುದು ಕಷ್ಟ ಇಲ್ಲ. ಕಣಿಯ ನೇರ ಇರುವ ಕಡೆ ಹತ್ತು ಮೀಟರ್ ಗುರುತು ಮಾಡಿ, ನೀರು ಹರಿಯುವಾಗ ಒಂದು ಒಣ ಎಲೆ ಬಿಟ್ಟು ಮೊಬೈಲಿನಲ್ಲಿ ಸಮಯ ನೋಡಿ. ಎಲೆ ಮೇಲ್ಪದರದ ವೇಗ ತೋರಿಸುತ್ತದೆ, ಕೆಳಗಿನ ನೀರು ಸ್ವಲ್ಪ ನಿಧಾನ. ಬಂದ ವೇಗದಲ್ಲಿ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿ.

ಪೆರ್ಲದ ಅಕ್ಕ (3:45)

ನಮ್ಮ ತೋಟವೂ ಹೀಗೇ ತಗ್ಗಿನಲ್ಲಿದೆ. ನಾವು ಕಣಿ ಅಗಲ ಮಾಡಲಿಲ್ಲ. ಗುಡ್ಡದಲ್ಲಿ ಅಡ್ಡಕ್ಕೆ ಉದ್ದುದ್ದ ಇಂಗುಗುಂಡಿ ತೋಡಿಸಿದೆವು. ಗುಡ್ಡದ ನೀರು ಅಲ್ಲೇ ನಿಲ್ಲುತ್ತದೆ, ಕೆಳಗೆ ಬರುವುದು ಕಡಿಮೆ ಆಯಿತು. ನೀರಿಗೆ ಅಂತ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರು ಈಗ ಏಪ್ರಿಲ್ ತನಕ ನಿಲ್ಲುತ್ತದೆ. ನೀರನ್ನು ತೋಡಿಗೆ ಕಳಿಸಿ ಮತ್ತೆ ಮಾರ್ಚಿನಲ್ಲಿ ಬೋರು ತೆಗೆಸುವುದಕ್ಕಿಂತ ಇದು ಒಳ್ಳೆಯದು ಅಲ್ವಾ?

ಮುಳ್ಳೇರಿಯ ಮಾಷ್ಟ್ರು (4:10)

ಅಕ್ಕ, ನಿಮ್ಮ ಗುಡ್ಡ ಇಳಿಜಾರು ಕಡಿಮೆ, ಅಲ್ಲಿ ಅದು ಒಳ್ಳೆಯ ಕೆಲಸ. ನೀರ್ಚಾಲಿನವರ ಗುಡ್ಡ ನಾನು ನೋಡಿಲ್ಲ. ಕಡಿದಾಗಿದ್ದರೆ, ಮುರ ಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣಿದ್ದರೆ, ಅಲ್ಲಿ ನೀರು ಇಂಗಿಸುವುದು ನನಗೆ ಹೆದರಿಕೆ. ಶೇಡಿ ನೆನೆದರೆ ಬೆಣ್ಣೆಯ ಹಾಗೆ ಜಾರುತ್ತದೆ. ಗುಂಡಿಯ ಕೆಳಗೆ ಬಿರುಕು ಕಂಡರೆ, ಮಳೆಯಲ್ಲಿ ಎಂದೂ ಇಲ್ಲದ ಕಡೆ ಬಿಳಿ ಕೆಸರು ನೀರು ಒಸರಲು ಶುರುವಾದರೆ, ಅಲ್ಲಿ ಗುಂಡಿ ಇರಬಾರದು.

ಪೆರ್ಲದ ಅಕ್ಕ (4:22)

ನಮ್ಮ ಕಡೆ ಇಷ್ಟು ವರ್ಷದಿಂದ ಸುರಂಗ ಕೊರೆದದ್ದೇ ಆ ಗುಡ್ಡಗಳಲ್ಲಿ ಮಾಷ್ಟ್ರೇ. ನೀರು ಒಳಗೆ ಹೋಗದೆ ಸುರಂಗಕ್ಕೆ ಎಲ್ಲಿಂದ ಬರುವುದು? ಎಲ್ಲದಕ್ಕೂ ಹೆದರಿದರೆ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ.

ಮುಳ್ಳೇರಿಯ ಮಾಷ್ಟ್ರು (4:35)

ಸುರಂಗ ಗುಡ್ಡದಿಂದ ನೀರು ಹೊರಗೆ ತರುತ್ತದೆ, ಗುಂಡಿ ಒಳಗೆ ಕಳಿಸುತ್ತದೆ. ಎರಡೂ ಒಂದೇ ಅಂತ ನನಗೆ ಒಪ್ಪಲು ಆಗುವುದಿಲ್ಲ. ಜಾಗ ನೋಡಿ ಹೇಳುವವರು ಬಂದು ನೋಡಲಿ.

ನೀರ್ಚಾಲು ತೋಟ (5:30)

ಮಳೆ ನಿಂತ ಹೊತ್ತಿಗೆ ಹೋಗಿ ಎಲೆ ಬಿಟ್ಟು ನೋಡಿದೆ. ಹತ್ತು ಮೀಟರಿಗೆ 20 ಸೆಕೆಂಡ್. ಕಣಿ ಒಂದೂವರೆ ಅಡಿಯೇ ಅಗಲ ಇದೆ. ಕೆಳಗಿನ ತಿರುವಿನಲ್ಲಿ ಅಡಿಕೆ ಹಾಳೆ, ಸೋಗೆ, ಗೇರಿನ ಕೊಂಬೆ ಎಲ್ಲ ಬಂದು ಕೂತು ನೀರು ಹಿಂದಕ್ಕೆ ನಿಂತಿದೆ.

ಪುತ್ತಿಗೆ ಕೃಷಿ (5:41)

ಅಂದರೆ ಸೆಕೆಂಡಿಗೆ ಅರ್ಧ ಮೀಟರ್. ಐದರಲ್ಲಿ ಒಂದು ಪಾಲು ಕಳೆದರೆ 0.4. ಹಾಗಾದರೆ ಒಂದು ಅಡಿ ನೀರು ಇದ್ದರೂ ಹೋಗುವುದು 56 ಲೀಟರ್ ಮಾತ್ರ. ಬರುವುದು 135. ಉಳಿದದ್ದು ಮರದ ಬುಡಕ್ಕೆ.

ಮುಳ್ಳೇರಿಯ ಮಾಷ್ಟ್ರು (6:02)

ಪುತ್ತಿಗೆಯವರ ಲೆಕ್ಕ ಸರಿ. ಆದರೆ ಇವತ್ತಿನ ವೇಗ ಕಟ್ಟಿ ನಿಂತ ಕಣಿಯದ್ದು, ಅದನ್ನು ಹಿಡಿದು ಅಗಲ ಮಾಡಲು ಹೊರಡಬೇಡಿ. ಮೊದಲು ತಿರುವಿನ ಕಸ ತೆಗೆಸಿ, ಅಲ್ಲಿ ತಳ ಎತ್ತರ ಆಗಿದ್ದರೆ ಒಂದು ಮಟ್ಟಕ್ಕೆ ತನ್ನಿ. ಮುಂದಿನ ಜೋರು ಮಳೆಗೆ ಮತ್ತೆ ಎಲೆ ಬಿಟ್ಟು ನೋಡಿ. ಹತ್ತು ಮೀಟರಿಗೆ ಎಂಟು ಸೆಕೆಂಡ್ ಬಂದರೆ ಈ ಕಣಿಯೇ ಸಾಕು. ಹದಿನೈದರ ಮೇಲೆಯೇ ಉಳಿದರೆ ಇಳಿಜಾರು ಸಾಲದು ಅಂತ, ಆಗ ಅಗಲ ಎರಡೂವರೆ ಅಡಿಗೆ ಹೋಗಬೇಕು, ಅಥವಾ ಗುಡ್ಡದ ನೀರಿಗೆ ತೋಟದ ಅಂಚಿನಲ್ಲೇ ಬೇರೆ ಕಣಿ ಮಾಡಿ ನೇರ ತೋಡಿಗೆ ಬಿಡಬೇಕು.

ನೀರ್ಚಾಲು ತೋಟ (6:15)

ನಾಳೆ ಬೆಳಿಗ್ಗೆ ಆಳು ಬರುತ್ತಾರೆ, ತಿರುವು ಬಿಡಿಸುತ್ತೇನೆ. ಫನೆಲ್‌ಗೆ ಪೇಟೆಯಲ್ಲಿ ಕೇಳಬೇಕು. 11.3 ಸಿಗದಿದ್ದರೆ ಬೇರೆ ಅಳತೆಯದ್ದೂ ಆಗುತ್ತದಾ?

ಮುಳ್ಳೇರಿಯ ಮಾಷ್ಟ್ರು (6:21)

ಆಗುತ್ತದೆ. ಒಳಗಲ ಅಳೆದು ಇಲ್ಲಿ ಹಾಕಿ, ಒಂದು ಮಿ.ಮೀ.ಗೆ ಎಷ್ಟು ಮಿ.ಲೀ. ಅಂತ ಹೇಳುತ್ತೇನೆ. 20 ಸೆಂ.ಮೀ. ಆದರೆ 31.4 ಮಿ.ಲೀ. ಅದಕ್ಕೆ ಕ್ಯಾನು ಏಳೆಂಟು ಲೀಟರಿನದ್ದು ಬೇಕು.

ಬಾಯಾರು (6:50)

ಕಡೆಗೆ ರಜೆ ಇಲ್ಲವಂತೆ. ಮಾಷ್ಟ್ರೇ, ನನ್ನ ಮಗನ ಶಾಲೆಯಲ್ಲಿ ಈ ಫನೆಲ್ ಇಡಬಹುದಾ? ಟೆರೇಸ್ ಇದೆ, ಸುತ್ತ ಅರ್ಧ ಗೋಡೆ ಉಂಟು.

ಮುಳ್ಳೇರಿಯ ಮಾಷ್ಟ್ರು (7:04)

ಟೆರೇಸ್ ಬೇಡ, ಗೋಡೆಗೆ ಹೊಡೆದ ಗಾಳಿ ಮೇಲೆದ್ದು ಹನಿಯನ್ನು ಹಾರಿಸಿಕೊಂಡು ಹೋಗುತ್ತದೆ, ಲೆಕ್ಕ ಕಡಿಮೆ ತೋರಿಸುತ್ತದೆ. ಮೈದಾನದ ಒಂದು ಬದಿಯಲ್ಲಿ, ಬಾಯಿ ನೆಲದಿಂದ ಒಂದು ಅಡಿ ಎತ್ತರ ಬರುವ ಹಾಗೆ ನಿಲ್ಲಿಸಿ. ಕೆಸರು ಹಾರದ ಹಾಗೆ ಸುತ್ತ ಹುಲ್ಲು ಇರಲಿ. ಓದುವುದು ಎಂಟೂವರೆಗೇ, ಶಾಲೆಗೆ ಬೇಗ ಬರುವ ಮಗು ಯಾರು ಅಂತ ನೋಡಿ ಅವರಿಗೇ ಆ ಕೆಲಸ ಕೊಡಿ.